ಸಹಾಯ ಬೇಕು: ಮೇಲ್ ಪ್ರಿಂಟ್ ಕೊಟ್ಟರೆ ಬಲಗಡೆ ಕಟ್ ಆಗುತ್ತಿದೆ

ಕಂಪ್ಯೂಟರಿನ ಮೇಲ್ ಪ್ರೋಗ್ರಾಂನಿಂದ ಇನ್‌ವಾಯ್ಸ್ ಮೇಲ್‌ಗಳನ್ನು ಎ4 ಹಾಳೆಗೆ ಪ್ರಿಂಟ್ ಕೊಟ್ಟರೆ ಬಲಗಡೆಯ ಕಾಲಂ ಅರ್ಧಕ್ಕೇ ಕಟ್ ಆಗುತ್ತದೆ. ಮೊತ್ತ ಇರುವುದೇ ಅಲ್ಲಿ! ಸಾದಾ ಮೇಲ್‌ಗಳು ಸರಿಯಾಗಿಯೇ ಬರುತ್ತವೆ, ಹಾಗಾಗಿ ಪ್ರಿಂಟರ್ ತಪ್ಪಲ್ಲ. ಮೇಲ್‌ನ ಸೋರ್ಸ್ ತೆಗೆದು ನೋಡಿದರೆ ಟೇಬಲ್‌ಗೆ `width="900"` ಅಂತ ಅಗಲ ಕಟ್ಟಿಹಾಕಿದ್ದಾರೆ. ಸ್ಕೇಲ್ 75%ಗೆ ಇಳಿಸಿದರೆ ಕಾಲಂ ಪೂರ್ತಿ ಬರುತ್ತದೆ, ಆದರೆ ಅಕ್ಷರ ತೀರಾ ಸಣ್ಣ. ಲ್ಯಾಂಡ್‌ಸ್ಕೇಪ್ ಮಾಡಿದರೆ ಕೊನೆಗೆ ಸುಮ್ನೆ ಒಂದು ಖಾಲಿ ಹಾಳೆ ಹೊರಬರುತ್ತದೆ.

ಚಿತ್ರಗಳೂ ಬರುತ್ತಿರಲಿಲ್ಲ. ರಿಮೋಟ್ ಇಮೇಜ್‌ಗಳಿಗೆ ಅನುಮತಿ ಕೊಟ್ಟು, ಪೂರ್ತಿ ಲೋಡ್ ಆದ ಮೇಲೆ ಪ್ರಿಂಟ್ ಕೊಟ್ಟೆ, ಅದು ಸರಿಹೋಯಿತು.

ಪ್ರತಿ ಮೇಲ್‌ಗೂ ಸ್ಕೇಲ್ ಬದಲಿಸುತ್ತಾ ಕೂರದೆ, ಟೇಬಲ್ ತಾನಾಗಿ ಹಾಳೆಯ ಅಗಲಕ್ಕೆ ಹೊಂದುವ ದಾರಿ ಇದೆಯಾ? ಬ್ರೌಸರ್‌ನಲ್ಲಿ ತೆರೆದು ಪಿಡಿಎಫ್ ಮಾಡಿದರೆ ವಾಸಿಯಾ?