ಪಿಎಚ್‌ಡಿ ಸಂದರ್ಶನದಲ್ಲಿ ಪ್ರಸ್ತಾವನೆ ಮಂಡಿಸಿದವರು ನಿಮ್ಮ ಅನುಭವ ಹೇಳಿ

ಕೇಳಿದವರು: ಹೊಸ ಅಭ್ಯರ್ಥಿ

ಮುಂದಿನ ತಿಂಗಳು ಪಿಎಚ್‌ಡಿ ಪ್ರವೇಶದ ಸಂದರ್ಶನವಿದೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕಳಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂದ ಮೇಲೆ ಕೋಲಾರದ ಕೆರೆಗಳ ಸುತ್ತಲಿನ ಅಂತರ್ಜಲ ಏನಾಯಿತು ಎಂಬುದು ನನ್ನ ವಿಷಯ. ಹದಿನೈದು ನಿಮಿಷದಲ್ಲಿ ಪ್ರಶ್ನೆ, ವಿಧಾನ, ಕಾರ್ಯಸಾಧ್ಯತೆ ಮೂರನ್ನೂ ಹೇಳಬೇಕು. ನೀವೆಲ್ಲ ಹೇಗೆ ಮಂಡಿಸಿದಿರಿ, ಎಲ್ಲಿ ಎಡವಿದಿರಿ?

ಎರಡನೇ ಪ್ರಯತ್ನ

ನಾನು ಇದೇ ಜಿಲ್ಲೆಯ ಇದೇ ನೀರಿನ ಮೇಲೆ ಎರಡು ಸಲ ಸಂದರ್ಶನಕ್ಕೆ ಹೋಗಿದ್ದೇನೆ. ಮೊದಲನೆಯ ಸಲ ಮಾಡಿಕೊಂಡ ಅವಮಾನ ಇನ್ನೂ ಆರಿಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂದದ್ದು 2018ರಲ್ಲಿ. ಆ ವರ್ಷವನ್ನೇ ಗೆರೆಯಾಗಿಟ್ಟುಕೊಂಡು ಹಿಂದಿನ ಮಟ್ಟ, ನಂತರದ ಮಟ್ಟ ಎಂದು ಎರಡು ಕಂಬಗಳ ಚಿತ್ರ ತೋರಿಸಿದೆ. ಸಮಿತಿಯಲ್ಲಿದ್ದ ಹಿರಿಯರೊಬ್ಬರು, ‘2021ರ ಮಳೆಯನ್ನು ಯಾವ ಕಂಬಕ್ಕೆ ಸೇರಿಸಿದ್ದೀರಿ?’ ಎಂದು ಕೇಳಿದರು. ಆ ವರ್ಷ ನವೆಂಬರಿನ ಮಳೆಗೆ ಯೋಜನೆಯ ನೀರೇ ಮುಟ್ಟದ ಕೆರೆಗಳೂ ಕೋಡಿ ಬಿದ್ದಿದ್ದವು. ನಾನೇ ಹೋಗಿ ಫೋಟೋ ತೆಗೆದುಕೊಂಡು ಬಂದಿದ್ದೆ. ಅದನ್ನು ವಿಧಾನದಲ್ಲಿ ಸೇರಿಸಬೇಕೆಂದು ಮಾತ್ರ ಹೊಳೆದಿರಲಿಲ್ಲ.

ಎರಡನೆಯ ಪೆಟ್ಟು ಹಣದ್ದು. ಮೂವತ್ತು ಕೆರೆ, ಕೆರೆಗೆ ಎರಡು ಕೊಳವೆಬಾವಿ, ವರ್ಷಕ್ಕೆ ನಾಲ್ಕು ಸುತ್ತಿನಂತೆ ಎರಡು ವರ್ಷ ಎಂದು ಉತ್ಸಾಹದಿಂದ ಬರೆದಿದ್ದೆ. ಅದು 480 ಮಾದರಿಗಳಾಗುತ್ತದೆ. ಭಾರಲೋಹಗಳೂ ಸೇರಿ ಒಂದು ಮಾದರಿಗೆ ಖಾಸಗಿ ಪ್ರಯೋಗಾಲಯ ನನಗೆ ಹೇಳಿದ್ದು 2,500 ರೂಪಾಯಿ, ಅಂದರೆ ಒಟ್ಟು 12 ಲಕ್ಷ. ಜೆಆರ್‌ಎಫ್ ಶಿಷ್ಯವೇತನದ ತಿಂಗಳ 37,000 ರೂಪಾಯಿಯನ್ನು ಊಟ ಬಾಡಿಗೆ ಬಿಟ್ಟು ಎರಡು ವರ್ಷ ಪೂರ್ತಿ ಸುರಿದರೂ 8.88 ಲಕ್ಷವೇ ಆಗುತ್ತದೆ. ಈ ಲೆಕ್ಕವನ್ನು ನಾನು ಮನೆಗೆ ಹೋಗುವ ಬಸ್ಸಿನಲ್ಲಿ ಮಾಡಿದೆ; ಸಮಿತಿಯವರು ನನ್ನ ಎದುರಿಗೇ ಮಾಡಿದ್ದರು.

ಮರುವರ್ಷ ಒಂಬತ್ತು ಕೆರೆಗಳಿಗೆ ಇಳಿದೆ. ಆರಕ್ಕೆ ಯೋಜನೆಯ ನೀರು ಬರುತ್ತದೆ, ಮೂರಕ್ಕೆ ಬರುವುದಿಲ್ಲ, ಮಳೆ ಮಾತ್ರ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ. ಈ ಎರಡು ಗುಂಪಿನ ಬಾವಿಗಳ ನಡುವಿನ ಅಂತರ 2018ಕ್ಕೆ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬುದಷ್ಟೇ ಪ್ರಶ್ನೆ. ಕೆರೆಗೆ ಮೂರು ಬಾವಿ, ಮುಂಗಾರಿನ ಮೊದಲು ಮತ್ತು ನಂತರ, ಎರಡು ವರ್ಷ, 108 ಮಾದರಿಗಳಾದವು. ಲೋಹಗಳ ಪರೀಕ್ಷೆ ಕಾಲುಭಾಗಕ್ಕೆ ಮಾತ್ರ, 67,500 ರೂಪಾಯಿ. ಮಿಕ್ಕವು ವಿಭಾಗದ ಪ್ರಯೋಗಾಲಯದಲ್ಲಿ. ಸೀಟು ಸಿಕ್ಕಿತು.

ಬಾವಿಕಟ್ಟೆ

ಮೇಲಿನವರ ಲೆಕ್ಕ ಚೆನ್ನಾಗಿದೆ. ಆದರೆ ‘ಕೆರೆಗೆ ಮೂರು ಬಾವಿ’ ಎಂದರೆ ಯಾವ ಬಾವಿ ಎಂಬುದನ್ನು ಅವರು ಹೇಳಲಿಲ್ಲ. ನನ್ನನ್ನು ಸಂದರ್ಶನದಲ್ಲಿ ಹತ್ತು ನಿಮಿಷ ನಿಲ್ಲಿಸಿ ಕೇಳಿದ್ದೇ ಅದನ್ನು. ಕೋಲಾರದ ಗಟ್ಟಿ ಬಂಡೆಯಲ್ಲಿ ಕೆರೆಯ ಕೆಳಗಿನ ಹಳೆಯ ತೆರೆದ ಬಾವಿ ತೋರಿಸುವುದೇ ಬೇರೆ, ಪಕ್ಕದ ಹೊಲದಲ್ಲಿ ಸಾವಿರ ಅಡಿ ಮೀರಿ ಕೊರೆದ ಬೋರು ತೋರಿಸುವುದೇ ಬೇರೆ. ತೆರೆದ ಬಾವಿಗೆ ಕೆರೆಯ ನೀರು ಬೇಗ ಇಳಿಯುತ್ತದೆ. ಆಳದ ಬೋರಿನ ನೀರು ಯಾವ ಬಿರುಕಿನಿಂದ, ಎಷ್ಟು ದೂರದಿಂದ ಬರುತ್ತಿದೆಯೆಂದು ಅದರ ಮಾಲೀಕನಿಗೂ ಗೊತ್ತಿರುವುದಿಲ್ಲ. ಎರಡನ್ನೂ ಒಂದೇ ಪಟ್ಟಿಯಲ್ಲಿಟ್ಟು ಸರಾಸರಿ ತೆಗೆದರೆ ಉತ್ತರವೇ ಹಾಳು.

ಮಟ್ಟ ಅಳೆಯುವುದರಲ್ಲೂ ಒಂದು ತೊಡಕಿದೆ. ಮೋಟಾರು ಓಡುತ್ತಿರುವಾಗ ಅಥವಾ ಈಗಷ್ಟೇ ನಿಂತಾಗ ಟೇಪು ಇಳಿಬಿಟ್ಟರೆ ಸಿಗುವುದು ಬಾವಿಯ ನಿಜವಾದ ಮಟ್ಟವಲ್ಲ, ಪಂಪು ಎಳೆದು ತಗ್ಗಿಸಿದ ಮಟ್ಟ. ಅದು ಮೇಲೇರಿ ನಿಲ್ಲುವವರೆಗೆ ಕಾಯಬೇಕು. ತ್ರೀ ಫೇಸ್ ವಿದ್ಯುತ್ತು ಇರುವ ಕೆಲವೇ ಗಂಟೆಗಳಲ್ಲಿ ಮೋಟಾರು ನಿಲ್ಲಿಸಿ ಎಂದು ರೈತರನ್ನು ಕೇಳುವ ಧೈರ್ಯ ನನಗಿರಲಿಲ್ಲ. ಹಾಗಾಗಿ ಕರೆಂಟು ಬರುವ ವೇಳಾಪಟ್ಟಿಯನ್ನು ಹಿಡಿದು, ಅದಕ್ಕೆ ಮೊದಲೇ ಅಳೆಯುವುದೆಂದು ನನ್ನ ಕಾರ್ಯಯೋಜನೆಯಲ್ಲಿ ಒಂದು ಸಾಲು ಸೇರಿಸಿದ್ದೆ. ಸಮಿತಿಯವರು ತಲೆಯಾಡಿಸಿದ್ದು ಆ ಒಂದು ಸಾಲಿಗೆ ಮಾತ್ರ. 2018ಕ್ಕೆ ಹಿಂದಿನ ಮಟ್ಟಗಳಿಗೆ ಕೇಂದ್ರ ಅಂತರ್ಜಲ ಮಂಡಳಿಯ ವೀಕ್ಷಣಾ ಬಾವಿಗಳನ್ನು ನಂಬುವುದಾದರೆ, ಅವನ್ನು ಅಳೆಯುವುದು ವರ್ಷಕ್ಕೆ ನಾಲ್ಕೇ ಸಲ. ಹೊಸ ಅಭ್ಯರ್ಥಿಯವರೇ, ನೀವು ಆರಿಸುವ ಕೆರೆಗಳ ಕೆಳಗೆ ಅಂಥ ಬಾವಿ ಎಷ್ಟಿವೆ ಎಂದು ನಕ್ಷೆಯಲ್ಲಿ ಎಣಿಸಿಕೊಂಡೇ ಹೋಗಿ.

ನೆಟ್ ಮೂರು ಸಲ

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ನೆಟ್ ಆದವರಿಗೆ ಪ್ರವೇಶ ಪರೀಕ್ಷೆ ಇಲ್ಲ, ಸಂದರ್ಶನವೊಂದೇ. ನನ್ನ ಪ್ರಸ್ತಾವನೆ ನಾಲ್ಕು ಸ್ಲೈಡುಗಳಷ್ಟಿತ್ತು. ನೈಟ್ರೇಟ್ ಹೆಚ್ಚಿದ್ದರೆ ಕೊಳಚೆ ನೀರು ಸೇರಿದೆ ಎಂದರ್ಥ, ಅದೊಂದನ್ನು ಅಳೆದರೆ ಸಾಕು.

ಬಾವಿಕಟ್ಟೆ

ಹಾಲಿಗೆ ಹೆಸರಾದ ಜಿಲ್ಲೆಯಲ್ಲಿ, ಮನೆಮನೆಯ ಮುಂದೆ ತಿಪ್ಪೆ ಇರುವಾಗ, ಟೊಮ್ಯಾಟೊ ತೋಟಕ್ಕೆ ಗೊಬ್ಬರ ಸುರಿಯುವಾಗ, ನೈಟ್ರೇಟ್ ಒಂದರಿಂದಲೇ ಬೆಂಗಳೂರಿನ ಕೊಳಚೆಯ ಗುರುತು ಹಿಡಿಯುತ್ತೀರಾ? ಯೋಜನೆಯ ನೀರು ಬಾರದ ಕೆರೆಯ ಕೆಳಗಿನ ಬಾವಿಯಲ್ಲೂ ಅದು ಸಿಗುತ್ತದೆ. ಇದನ್ನು ಸಮಿತಿಯ ಮುಂದೆ ಹೇಳಿ ನೋಡಿ.

ನೆಟ್ ಮೂರು ಸಲ

ಸಮಿತಿಯ ಮುಂದೆ ಹೇಳಿಯೇ ಸೀಟು ಪಡೆದಿದ್ದೇನೆ ಸ್ವಾಮಿ. ನಿಮ್ಮ ಬಂಡೆಯ ಪಾಠ ನನಗೆ ಬೇಡ.

ಎರಡನೇ ಪ್ರಯತ್ನ

ಯಾವ ವರ್ಷ ಪಡೆದಿರಿ ಎಂಬುದನ್ನೂ ಹೇಳಿ. 2024ರ ಜೂನ್ ನೆಟ್‌ನಿಂದ ಈಚೆಗೆ ಜೆಆರ್‌ಎಫ್ ಬಂದವರಿಗೆ ಮಾತ್ರ ಸಂದರ್ಶನದ ಮೇಲೆ ಪ್ರವೇಶ. ಜೆಆರ್‌ಎಫ್ ಸಿಗದೆ ನೆಟ್ ಆದ ಇನ್ನೆರಡು ವರ್ಗಗಳಿಗೆ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30. ಆ ಮೂವತ್ತರಲ್ಲಿ ಒಬ್ಬರಿಗೆ ಹದಿನೆಂಟು, ಇನ್ನೊಬ್ಬರಿಗೆ ಇಪ್ಪತ್ತಾರು ಬಂದರೆ ಪಟ್ಟಿಯೇ ಬದಲಾಗುತ್ತದೆ. ನಾಲ್ಕು ಸ್ಲೈಡಿನ ಕಾಲ ಮುಗಿಯಿತು.

ನೆಟ್ ಮೂರು ಸಲ

ನನ್ನದು 2019. ನಿಯಮ ಬದಲಾದರೆ ನಾನು ಮಾಡಿದ್ದು ಸುಳ್ಳಾಗುವುದಿಲ್ಲವಲ್ಲ.

ಜಾನಪದದವಳು

ನನ್ನ ವಿಷಯ ನೀರಲ್ಲ. ಕೆರೆಗೆ ಹಾರವಾದ ಹೆಣ್ಣುಗಳ ಕಥನಗೀತೆಗಳು. ಕೆರೆ ಎಂಬ ಮಾತು ಕಂಡು ಒಳಗೆ ಬಂದೆ. ನನ್ನನ್ನು ಸಂದರ್ಶನದಲ್ಲಿ ಕೆಡವಿದ್ದು ಕಾರ್ಯಸಾಧ್ಯತೆಯೇ. ನಲವತ್ತು ಹಾಡುಗಾರ್ತಿಯರನ್ನು ಭೇಟಿಯಾಗುತ್ತೇನೆ ಎಂದಿದ್ದೆ. ‘ಅವರಲ್ಲಿ ಎಷ್ಟು ಮಂದಿ ಈಗ ಬದುಕಿದ್ದಾರೆ?’ ಎಂದು ಕೇಳಿದರು. ನನ್ನ ಪಟ್ಟಿ ಇಪ್ಪತ್ತು ವರ್ಷ ಹಳೆಯ ಸಂಗ್ರಹವೊಂದರಿಂದ ಇಳಿಸಿಕೊಂಡದ್ದು. ಊರಿಗೆ ಹೋಗಿ ವಿಚಾರಿಸಿದರೆ ಆರು ಜನ ಉಳಿದಿದ್ದರು. ಇಬ್ಬರಿಗೆ ಮರೆವು, ಒಬ್ಬರು, ಅಶುಭವೆಂದು ಆ ಹಾಡನ್ನು ಹಾಡಲು ಒಪ್ಪಲೇ ಇಲ್ಲ. ನಿಮ್ಮ ಬಾವಿಗಳಾದರೂ ಇದ್ದಲ್ಲೇ ಇರುತ್ತವೆ.

ಬಾವಿಕಟ್ಟೆ

ಇರುವುದಿಲ್ಲ ತಾಯಿ. ನಾನು ಗುರುತು ಮಾಡಿಟ್ಟ ಹದಿನಾಲ್ಕು ತೆರೆದ ಬಾವಿಗಳಲ್ಲಿ ಮೂರನ್ನು ಒಂದೇ ವರ್ಷದಲ್ಲಿ ಮಣ್ಣು ತುಂಬಿ ಮುಚ್ಚಿದರು. ಒಂದರ ಮೇಲೆ ಈಗ ನಿವೇಶನದ ಕಲ್ಲು ನೆಟ್ಟಿದೆ.

ಎರಡನೇ ಪ್ರಯತ್ನ

ಹೊಸ ಅಭ್ಯರ್ಥಿಯವರಿಗೆ ಇನ್ನೊಂದು ಮಾತು. ಈ ಕೆರೆಗಳಿಂದ ನೇರವಾಗಿ ಪಂಪು ಹಾಕಿ ನೀರೆತ್ತಲು ಅವಕಾಶವಿಲ್ಲ, ಆದರೂ ಎತ್ತುವವರಿದ್ದಾರೆ. ನೀವು ಪ್ರಶ್ನಾವಳಿ ಹಿಡಿದು ‘ನಿಮ್ಮ ನೀರಿನ ಮೂಲ ಯಾವುದು’ ಎಂದರೆ ಎಲ್ಲರೂ ಬೋರು ಎಂದೇ ಹೇಳುತ್ತಾರೆ. ಹಾಗಾಗಿ ನಾನು ರೈತರ ಸಂದರ್ಶನವನ್ನು ವಿಧಾನದಿಂದಲೇ ಕೈಬಿಟ್ಟೆ.

ಬಾವಿಕಟ್ಟೆ

ಅದು ತಪ್ಪು ತೀರ್ಮಾನ. ಯಾರು ಕೆರೆಯಿಂದ ಎತ್ತುತ್ತಾರೆಂದು ತಿಳಿಯದಿದ್ದರೆ ಬೋರಿನ ಮಟ್ಟ ಏರಿದ್ದು ಮರುಪೂರಣದಿಂದಲೋ, ಬೋರು ಓಡಿಸುವುದನ್ನು ನಿಲ್ಲಿಸಿದ್ದರಿಂದಲೋ ಹೇಳಲು ಬಾರದು. ನಿಮ್ಮ ಸಮಿತಿ ಅದನ್ನು ಕೇಳಲಿಲ್ಲವೆಂದರೆ ನಿಮ್ಮ ಅದೃಷ್ಟ.

ಎರಡನೇ ಪ್ರಯತ್ನ

ಕೇಳಿದರು. ‘ನೀರು ಬಾರದ ಮೂರು ಕೆರೆಗಳ ಜೊತೆ ಹೋಲಿಸುತ್ತೇನೆ’ ಎಂದೆ, ಒಪ್ಪಿದರು. ಅದರಿಂದ ಈ ಪ್ರಶ್ನೆ ಪೂರ್ತಿ ಬಗೆಹರಿಯುವುದಿಲ್ಲವೆಂದು ನನಗೂ ಗೊತ್ತಿದೆ. ಎರಡನೇ ವರ್ಷದ ಮಧ್ಯದಲ್ಲಿದ್ದೇನೆ, ಯಾರು ಎಷ್ಟು ಎತ್ತುತ್ತಾರೆಂದು ತಿಳಿಯಲು ಈಗ ಬೋರುಗಳಿಗೆ ಮೀಟರು ಕೂಡಿಸಲು ಹಣವಿಲ್ಲ.