ನೈಟ್ ಶಿಫ್ಟ್ ಮುಗಿಸಿ ಮಾಡಿಸಿದ ಹಾರ್ಮೋನ್ ಟೆಸ್ಟ್ ನಂಬಬಹುದಾ? ಸಹಾಯ ಬೇಕು

ನನ್ನದು ಕಾಲ್ ಸೆಂಟರ್ ಕೆಲಸ, ಖಾಯಂ ನೈಟ್ ಶಿಫ್ಟ್. ವಯಸ್ಸು 33. ಹಗಲು ನಿದ್ದೆ ತುಂಡು ತುಂಡು. ಕೊರಿಯರ್‌ನವರ ಬೆಲ್, ಪಕ್ಕದ ಮನೆಯ ಡ್ರಿಲ್ಲು, ಒಂದಲ್ಲ ಒಂದು. ಈಚೆಗೆ ಹೆಂಡತಿ ಹತ್ತಿರ ಬಂದರೂ ಆಸೆಯೇ ಹುಟ್ಟುವುದಿಲ್ಲ. ಅವಳು ಏನೂ ಅನ್ನುವುದಿಲ್ಲ, ಅದೇ ಜಾಸ್ತಿ ಚುಚ್ಚುತ್ತದೆ.

ಶಿಫ್ಟ್ ಮುಗಿಸಿ ನೇರ ಲ್ಯಾಬ್‌ಗೆ ಹೋಗಿ ಟೆಸ್ಟೋಸ್ಟೆರಾನ್ ನೋಡಿಸಿದೆ. 240 ಬಂತು, ರಿಪೋರ್ಟಿನಲ್ಲಿ ಕನಿಷ್ಠ 300 ಅಂತಿದೆ. ಡಾಕ್ಟರು ಇಂಜೆಕ್ಷನ್ ಶುರು ಮಾಡೋಣ ಅಂದರು. ಆದರೆ ಈ ಹಾರ್ಮೋನ್ ಏರುವುದೇ ನಿದ್ದೆಯಲ್ಲಿ ಅಲ್ವಾ? ಬೆಳಗ್ಗೆಯೇ ರಕ್ತ ಕೊಡಬೇಕು ಅನ್ನುವುದು ರಾತ್ರಿ ಮಲಗಿ ಎದ್ದವರ ಲೆಕ್ಕ. ನಾನು ಇಡೀ ರಾತ್ರಿ ಎಚ್ಚರವಿದ್ದೆ. ಅದೂ ಒಂದೇ ಟೆಸ್ಟ್. ಇನ್ನೊಂದು ವಿಷಯ, ರಜೆಯಲ್ಲಿ ಚೆನ್ನಾಗಿ ಮಲಗಿದರೆ ಏಳುವಾಗ ನಿಮಿರುವಿಕೆ ಮೊದಲಿನಂತೆಯೇ ಇರುತ್ತದೆ. ಹಾಗಾಗಿ ನಿದ್ದೆಯ ಮೇಲೇ ನನಗೆ ಅನುಮಾನ.

ಇಂಜೆಕ್ಷನ್ನಿಗೆ ಹೆದರಲು ಕಾರಣವಿದೆ. ಹೊರಗಿನಿಂದ ಈ ಹಾರ್ಮೋನ್ ಕೊಟ್ಟರೆ ವೀರ್ಯಾಣು ಉತ್ಪತ್ತಿ ಕುಗ್ಗುತ್ತದೆ. ನಮಗೆ ಮಗು ಬೇಕು.

ನೈಟ್ ಶಿಫ್ಟ್‌ನವರು ಯಾರಾದರೂ ಪೂರ್ತಿ ನಿದ್ದೆ ಮಾಡಿ, ಎದ್ದ ಮೇಲೆ ಖಾಲಿ ಹೊಟ್ಟೆಯಲ್ಲಿ ಮತ್ತೆ ಟೆಸ್ಟ್ ಮಾಡಿಸಿದ್ದೀರಾ? ವ್ಯತ್ಯಾಸ ಬಂತಾ? ಎಷ್ಟು ದಿನ ರಜೆ ಹಾಕಿದಿರಿ? ಎಂಡೋಕ್ರೈನಾಲಜಿಸ್ಟ್ ಹತ್ತಿರ ಹೋಗಬೇಕಾ, ಆಂಡ್ರಾಲಜಿಸ್ಟ್ ಹತ್ತಿರವಾ? ಸುಮ್ನೆ ಲೇಹ್ಯ, ಪುಡಿ ಹೇಳಬೇಡಿ, ಮನೆಯಲ್ಲಿ ಆಗಲೇ ಡಬ್ಬಿಗಳಿವೆ.