“ಐದು ಇಂಚು ಬಿಟ್ಟು ಲೆಕ್ಕ ಹಾಕಿ”: ಶೀಟಿನ ಮಾಡಿನಲ್ಲಿ ‘ಬಿಡು’ ಎಂಬ ಮಾತಿನ ಅರ್ಥವೇನು?

ಸಕಲೇಶಪುರದಿಂದ ಪ್ರಶ್ನೆ:

ಕಾಫಿ ಒಣಗಿಸುವ ಕಣದ ಪಕ್ಕದಲ್ಲಿ ಒಂದು ಕೊಟ್ಟಿಗೆಗೆ ಎರಡು ಇಳಿಜಾರಿನ ಮಾಡು ಕಟ್ಟಿಸಿ, ಅದಕ್ಕೆ ಅಲೆಅಲೆಯಾದ ಜಿಂಕ್ ಶೀಟು ಹೊದಿಸಲು ಹೊರಟಾಗ ಎದುರಾದ ಒಂದು ಪದದ ತೊಡಕನ್ನು ಇಲ್ಲಿ ಮುಂದಿಡುತ್ತಿದ್ದೇನೆ. ಕೊಟ್ಟಿಗೆಯ ಅಗಲ 20 ಅಡಿ. ಸೂರು ಎರಡೂ ಕಡೆ 2 ಅಡಿ ಹೊರಕ್ಕೆ ಚಾಚುತ್ತದೆ. ಹಾಗಾಗಿ ನೆತ್ತಿಯಿಂದ ಸೂರಿನ ತುದಿಗೆ ನೆಲದ ಅಳತೆಯಲ್ಲಿ 12 ಅಡಿ, ಇಳಿತ 5 ಅಡಿ, ಇಳಿಜಾರಿನ ಉದ್ದಕ್ಕೆ ಟೇಪು ಹಿಡಿದರೆ 13 ಅಡಿ ಬರುತ್ತದೆ. ನೆತ್ತಿಯ ಉದ್ದ 31 ಅಡಿ, ಅಂದರೆ 372 ಇಂಚು. ಅಂಗಡಿಯಲ್ಲಿ ಸಿಕ್ಕ ಶೀಟಿನ ಅಗಲ 32 ಇಂಚು, ಉದ್ದ 8 ಅಡಿ ಮತ್ತು 6 ಅಡಿ. ಪ್ರತಿ ಇಳಿಜಾರಿಗೂ ಮೇಲೊಂದು ಸಾಲು, ಕೆಳಗೊಂದು ಸಾಲು ಎಂದು ನಿರ್ಧರಿಸಿದೆವು.

ಶೀಟು ತರಲು ಹೊರಟಾಗ ಮೇಸ್ತ್ರಿ ಹೇಳಿದ್ದು ಇಷ್ಟೇ: “ಪಕ್ಕಕ್ಕೆ ಐದು ಇಂಚು ಬಿಟ್ಟು ಲೆಕ್ಕ ಹಾಕಿ.” ಮಾಡಿನ ಎರಡು ಪಕ್ಕದಲ್ಲೂ ಗೋಡೆಯಿಂದಾಚೆ ಐದೈದು ಇಂಚು ಹೆಚ್ಚಿಗೆ ಬಿಡಬೇಕೆಂದು ನಾನು ಅರ್ಥಮಾಡಿಕೊಂಡು, 372ಕ್ಕೆ 10 ಸೇರಿಸಿ 32ರಿಂದ ಭಾಗಿಸಿದಾಗ ಹನ್ನೆರಡಕ್ಕೆ ಸ್ವಲ್ಪ ಕಡಿಮೆ ಬಂದಿತು. ಸಾಲಿಗೆ 12ರಂತೆ ನಾಲ್ಕು ಸಾಲಿಗೆ 48 ಶೀಟು ತಂದೆ. ಅವರು ಹೇಳಿದ್ದು ಪ್ರತಿ ಶೀಟಿನ ಅಗಲದಿಂದ ಐದು ಇಂಚು ಕಳೆಯಬೇಕೆಂದು. ಹೊದಿಸುವ ದಿನ 8 ಶೀಟು ಕಡಿಮೆ ಬಿದ್ದವು, ಬಾಡಿಗೆ ವಾಹನ ಇನ್ನೊಮ್ಮೆ ಪೇಟೆಗೆ ಹೋಗಬೇಕಾಯಿತು.

ಆಮೇಲೆ ಕಿವಿಗೊಟ್ಟು ಕೇಳಿದಾಗ, ಅದೇ ಕೆಲಸದಲ್ಲಿ ‘ಬಿಡು’ ಎಂಬ ಕ್ರಿಯಾಪದ ನಾಲ್ಕು ಬೇರೆಬೇರೆ ಅರ್ಥದಲ್ಲಿ ಓಡಾಡುತ್ತಿತ್ತು. ಸೂರಿಗೆ ಎರಡು ಅಡಿ ಬಿಡಿ ಎಂದರೆ ಹೊರಕ್ಕೆ ಚಾಚಿ. ನೆತ್ತಿಯಲ್ಲಿ ಎರಡು ಇಂಚು ಬಿಡಿ ಎಂದರೆ ಎರಡು ಕಡೆಯ ಶೀಟುಗಳ ನಡುವೆ ಸಂದು ಇರಲಿ. ತಲೆಗೆ ಆರು ಇಂಚು ಬಿಡಿ ಎಂದರೆ ಕೆಳಗಿನ ಶೀಟಿನ ಮೇಲೆ ಮೇಲಿನದು ಅಷ್ಟು ಏರಲಿ. ಪಕ್ಕಕ್ಕೆ ಐದು ಇಂಚು ಬಿಡಿ ಎಂದರೆ ಲೆಕ್ಕದಿಂದ ಕೈಬಿಡಿ. ಏರುವುದಕ್ಕೂ ಕಳೆಯುವುದಕ್ಕೂ ಪ್ರತ್ಯೇಕವಾದ, ಕೇಳಿದ ಕೂಡಲೇ ತಿಳಿಯುವ ಕನ್ನಡದ ಮಾತು ನಿಮ್ಮ ಕಡೆ ಬಳಕೆಯಲ್ಲಿದೆಯೇ? ‘ಲ್ಯಾಪ್’ ಎಲ್ಲರಿಗೂ ತಿಳಿದಿದೆ, ಆದರೆ ಶೀಟಿನ ಅಗಲದಲ್ಲಿ ಲ್ಯಾಪ್ ಕಳೆದು ಉಳಿಯುವ ಅಗಲಕ್ಕೆ ನನಗೆ ಹೆಸರು ಸಿಕ್ಕಿಲ್ಲ.

ಚಿಕ್ಕಮಗಳೂರಿನಿಂದ, ನಿವೃತ್ತ ಕನ್ನಡ ಅಧ್ಯಾಪಕರು:

ಮಾನ್ಯರೇ, ‘ಹೊದಿಕೆಯ ಅಗಲ’ ಎಂದರೆ ಸಾಕೆಂದು ನನ್ನ ಅಭಿಪ್ರಾಯ. ಹೊದಿಯುವುದೇ ಶೀಟಿನ ಕೆಲಸವಾದುದರಿಂದ ಆ ಮಾತು ಸಹಜವಾಗಿ ಕೂಡುತ್ತದೆ. ಲೆಕ್ಕದ ವಿಷಯದಲ್ಲಿ ಇಷ್ಟು ಗೊಂದಲವೇ ಬೇಕಿರಲಿಲ್ಲ. ಲ್ಯಾಪಿಗೆಂದು ನೂರಕ್ಕೆ ಹತ್ತರಷ್ಟು ಹೆಚ್ಚು ತಂದರೆ ಯಾವ ಮಾಡಿಗೂ ಸರಿಹೋಗುತ್ತದೆ. ನಮ್ಮ ಮನೆಯ ಹಿಂದಿನ ಶೆಡ್ಡಿಗೆ ಹಾಗೆಯೇ ಮಾಡಿದ್ದೆವು.

ಅರಕಲಗೂಡಿನಿಂದ:

ಹೊದಿಕೆ ಎಂದರೆ ನಮ್ಮ ಕಡೆ ಮಳೆಗಾಲದಲ್ಲಿ ಮಾಡಿನ ಮೇಲೆ ಎಳೆಯುವ ಟಾರ್ಪಾಲು. ನೀವು ಶೀಟಿನ ಮೇಲೆ ಟಾರ್ಪಾಲನ್ನೂ ಹಾಕುತ್ತಿದ್ದೀರೆಂದು ತಿಳಿದೆ. ನಮ್ಮ ಕೊಟ್ಟಿಗೆಗೆ ನೆತ್ತಿಯಿಂದ ಸೂರಿನವರೆಗೆ ಒಂದೇ ಉದ್ದದ ಬಣ್ಣದ ಶೀಟನ್ನು 14 ಅಡಿಗೆ ಕತ್ತರಿಸಿ ತರಿಸಿದ್ದರಿಂದ ಲ್ಯಾಪಿನ ಪ್ರಶ್ನೆಯೇ ಬರಲಿಲ್ಲ. ನೀವೂ ಹಾಗೆಯೇ ತರಿಸಬಹುದಿತ್ತು.

ಮೂಡಿಗೆರೆಯಿಂದ, ಇಪ್ಪತ್ತು ವರ್ಷದಿಂದ ಮಾಡಿನ ಕೆಲಸ ಮಾಡಿಸುತ್ತಿರುವವರು:

ಒಂದೇ ಉದ್ದದ ಶೀಟು ತಂದರೆ ತಲೆಯ ಲ್ಯಾಪು ತಪ್ಪುತ್ತದೆ ಹೊರತು ಪಕ್ಕದ ಲ್ಯಾಪು ತಪ್ಪುವುದಿಲ್ಲ. ಅರಕಲಗೂಡಿನವರ ಮಾಡಿನಲ್ಲೂ ಅದು ಇದ್ದೇ ಇದೆ, ಕಣ್ಣಿಗೆ ಬಿದ್ದಿಲ್ಲ ಅಷ್ಟೇ. ಇನ್ನು ಅಧ್ಯಾಪಕರು ಹೇಳಿದ ನೂರಕ್ಕೆ ಹತ್ತು ಈ ಮಾಡಿಗೆ ಸಾಲುವುದಿಲ್ಲ. 48ಕ್ಕೆ ಹತ್ತರಷ್ಟು ಸೇರಿಸಿದರೆ 53 ಆಗುತ್ತದೆ, ಬೇಕಾದದ್ದು 56.

ಅದು ಏಕೆ 56 ಎಂಬುದರಲ್ಲೇ ನಿಮ್ಮ ಪದದ ಉತ್ತರವೂ ಇದೆಯೆಂದು ನನಗನ್ನಿಸುತ್ತದೆ. ಅಲೆಯ ಶೀಟನ್ನು ಬೇಕೆಂದಷ್ಟು ಸರಿಸಿ ಕೂರಿಸಲಾಗದು. ಒಂದರ ಉಬ್ಬು ಇನ್ನೊಂದರ ಉಬ್ಬಿನ ಮೇಲೆಯೇ ಕೂರಬೇಕು. ಈ ಶೀಟಿನಲ್ಲಿ ಉಬ್ಬಿನಿಂದ ಉಬ್ಬಿಗೆ 3 ಇಂಚು. ಆದ್ದರಿಂದ ಎರಡನೆಯ ಶೀಟು ಮೊದಲನೆಯದರ ಅಂಚಿನಿಂದ 30 ಇಂಚಿಗೆ ಕೂರಬಹುದು, ಇಲ್ಲವೇ 27 ಇಂಚಿಗೆ. ನಡುವೆ 28, 29 ಎಂಬುದಿಲ್ಲ. 30ಕ್ಕೆ ಕೂರಿಸಿದರೆ ಲ್ಯಾಪು ಎರಡೇ ಇಂಚು, 27ಕ್ಕೆ ಕೂರಿಸಿದರೆ ಐದು ಇಂಚು. ಘಟ್ಟದ ಅಂಚಿನ ಗಾಳಿಮಳೆಗೆ ಎರಡು ಇಂಚನ್ನು ನಾನು ಒಪ್ಪುವುದಿಲ್ಲ. ನಿಮ್ಮ ಮೇಸ್ತ್ರಿ ಐದು ಇಂಚು ಎಂದದ್ದು ಹೀಗೆ ಅಲೆಯನ್ನು ಎಣಿಸಿಯೇ.

ಹಾಗಾಗಿ ಮೊದಲ ಶೀಟು 32 ಇಂಚು ಮುಚ್ಚುತ್ತದೆ, ಆಮೇಲಿನ ಪ್ರತಿಯೊಂದೂ 27. 372ರಲ್ಲಿ 32 ಕಳೆದು ಉಳಿದ 340ನ್ನು 27ರಿಂದ ಭಾಗಿಸಿದರೆ ಹನ್ನೆರಡೂವರೆಗಿಂತ ಹೆಚ್ಚು ಬರುತ್ತದೆ, ಅದನ್ನು 13 ಎಂದು ಹಿಡಿಯಬೇಕು. ಮೊದಲನೆಯದು ಸೇರಿ ಸಾಲಿಗೆ 14. ತಲೆಗೆ ಆರು ಇಂಚು ಏರಿಸಿದರೂ 8 ಮತ್ತು 6 ಅಡಿ ಸೇರಿ ಹದಿಮೂರೂವರೆ ಅಡಿ ಆಗುವುದರಿಂದ 13 ಅಡಿಯ ಇಳಿಜಾರಿಗೆ ಉದ್ದ ಸಾಕಾಗಿ ಉಳಿಯುತ್ತದೆ. ಉಳಿದ ಆರು ಇಂಚನ್ನೂ ತಲೆಯ ಲ್ಯಾಪಿಗೇ ಕೊಡುವುದು ಮೇಲು, ಆದರೆ ಆ ಲ್ಯಾಪಿನ ಕೆಳಗೆ ಅಡ್ಡಪಟ್ಟಿ ಇರಲೇಬೇಕು.

ನಾವು ಕೆಲಸದವರೊಡನೆ ‘ಮುಚ್ಚುವ ಅಗಲ’ ಎನ್ನುತ್ತೇವೆ, ಅದರ ಜೊತೆ ‘ಏರು’ ಎನ್ನುತ್ತೇವೆ. ಐದು ಇಂಚು ಏರು, ಇಪ್ಪತ್ತೇಳು ಇಂಚು ಮುಚ್ಚು. ಯಾರೂ ಎರಡನೇ ಸಲ ಕೇಳಿದ್ದಿಲ್ಲ.

ಇನ್ನೊಂದು ಮಾತು, ಅದು ಪದಕ್ಕೆ ಸಂಬಂಧಿಸಿದ್ದಲ್ಲ. ಹೊದಿಸುವಾಗ ಪೂರ್ವದ ತುದಿಯಿಂದ ಆರಂಭಿಸಿ ಪಡುವಣಕ್ಕೆ ಬನ್ನಿ. ಆಗ ಮೇಲಿನ ಶೀಟಿನ ಅಂಚು ಮಳೆಗಾಳಿಗೆ ಬೆನ್ನು ಮಾಡಿರುತ್ತದೆ. ತಿರುಗಾಮುರುಗಾ ಆಗಿದ್ದರೆ ಮೊದಲ ಆಷಾಢದಲ್ಲೇ ಶೀಟಿನ ಅಡಿಭಾಗದಲ್ಲಿ, ಲ್ಯಾಪಿನ ಗುಂಟ, ನೆತ್ತಿಯಿಂದ ಸೂರಿಗೆ ನೇರವಾದ ಒದ್ದೆಯ ಗೆರೆ ಕಾಣುತ್ತದೆ. ಸ್ಕ್ರೂ ತೂತಿನ ಸೋರಿಕೆಯಾದರೆ ಗೆರೆಯಾಗುವುದಿಲ್ಲ, ಬೊಟ್ಟುಬೊಟ್ಟಾಗಿ ಇರುತ್ತದೆ.

ಸಕಲೇಶಪುರದಿಂದ ಮತ್ತೆ:

‘ಮುಚ್ಚುವ ಅಗಲ’ ಮತ್ತು ‘ಏರು’ ಎರಡನ್ನೂ ಸಂತೋಷದಿಂದ ಒಪ್ಪುತ್ತೇನೆ, ಏಕೆಂದರೆ ಅವು ಶೀಟನ್ನು ಕೂರಿಸುವ ಕೈಯ ಚಲನೆಯಿಂದಲೇ ಹುಟ್ಟಿದ ಮಾತುಗಳಾಗಿವೆ. ನಾವು ಹೊದಿಸಿದ್ದು ಪೂರ್ವದಿಂದಲೇ. ನೆತ್ತಿಯ ತಗಡಿನ ವಿಷಯ ಮಾತ್ರ ಇನ್ನೂ ಉಳಿದಿದೆ. 8 ಅಡಿಯ ರಿಡ್ಜ್ ತುಂಡುಗಳನ್ನು ಆರು ಇಂಚು ಏರಿಸಿ ಇಟ್ಟರೆ ಮೊದಲನೆಯದು 96 ಇಂಚು, ಉಳಿದವು ತಲಾ 90 ಮುಚ್ಚುತ್ತವೆ. ನಾಲ್ಕು ತುಂಡಿಗೆ 366 ಆಗಿ, 372ಕ್ಕೆ ಆರು ಇಂಚು ಸಾಲದೆ ಐದನೆಯ ತುಂಡು ಬೇಕಾಗುತ್ತದೆ. ಏರನ್ನು ನಾಲ್ಕು ಇಂಚಿಗೆ ಇಳಿಸಿದರೆ ನಾಲ್ಕು ತುಂಡೇ ಸರಿಯಾಗಿ 372 ಮುಚ್ಚುತ್ತವೆಂದು ಮೇಸ್ತ್ರಿ ಹೇಳುತ್ತಾರೆ. ಆದರೆ ನಮ್ಮ 14 ಶೀಟು ಕತ್ತರಿಸದೆ ಕೂತಾಗ ಸಾಲಿನ ಉದ್ದ 383 ಇಂಚಾಗಿದೆಯಲ್ಲ?

ಚಿಕ್ಕಮಗಳೂರಿನಿಂದ:

ಹತ್ತರ ಲೆಕ್ಕವನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ ‘ಏರು’ ಎಂಬುದನ್ನು ನಾಮಪದವಾಗಿ ಬರೆದಾಗ ಓದುಗನು ಅದನ್ನು ಮಾಡಿನ ವಾಟ ಎಂದು ತಿಳಿಯಬಹುದು. ಇಳಿಜಾರಿನ ಮಾತು ಇರುವ ಕಡೆಯೇ ಏರು ಎಂದರೆ ಏನೆಂದು ತಿಳಿಯಬೇಕು?

ಮೂಡಿಗೆರೆಯಿಂದ:

ಬಾಯಲ್ಲಿ ಆ ಗೊಂದಲ ನಮಗೆ ಬಂದಿಲ್ಲ, ಬರಹದಲ್ಲಿ ಬರಬಹುದು. ರಿಡ್ಜಿಗೆ ಐದನೆಯ ತುಂಡನ್ನೇ ತನ್ನಿ. 383 ಇಂಚಿಗೆ ನಾಲ್ಕು ತುಂಡನ್ನು ಎಳೆಯಬೇಕಾದರೆ ಏರು ಒಂದು ಇಂಚೂ ಉಳಿಯುವುದಿಲ್ಲ.